ೞ ಅಕ್ಷರದ ಬಳಗ

ಕೋಡಂಬಾಕ್ಕಂನಲ್ಲಿರುವ ನಮ್ಮ ಫಾಂಟ್ ಸ್ಟುಡಿಯೋದಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಡಿಸೈನರ್ ಕಾಸಿಮೇಡಿನವಳು. ಅವು ಒಂದಕ್ಕೊಂದು ಹೇಗೆ ಕೂಡಬೇಕು ಎಂಬ ನಿಯಮಗಳನ್ನು ಬರೆಯುವ ಎಂಜಿನಿಯರ್ ಮಧುರೈಯವರು. ತಮಿಳರಾದ ಇಬ್ಬರಿಗೂ ಕನ್ನಡವೆಂದರೆ ಬರೀ ಆಕಾರ. ದಿನವಿಡೀ ಕನ್ನಡದ ನಡುವೆಯೇ ಕೂತಿದ್ದು, ಒಂದು ಕನ್ನಡ ಮಾತೂ ಆಡದೆ ಕೀಲ್ಪಾಕಿನ ಮನೆಗೆ ಮರಳುವುದು ನನಗೆ ರೂಢಿಯಾಗಿದೆ. ಅಲ್ಲಿ ಆಡುವುದಿನ್ನು ಯಾರ ಹತ್ತಿರ? ಅಕ್ಕ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ.

ಆ ವರ್ಷ ಬೆಂಗಳೂರಿನ ಪ್ರಕಾಶಕರೊಬ್ಬರು ಮಕ್ಕಳ ಪುಸ್ತಕಗಳಿಗೆಂದು ಹೊಸ ಫಾಂಟ್ ಕೇಳಿದ್ದರು. ಫಾಂಟಿನಲ್ಲಿ ಯಾವ ಯಾವ ರೂಪ ಇರಬೇಕು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ವರ್ಣಮಾಲೆ ಬರೆದುಕೊಟ್ಟರೆ ಮುಗಿಯಿತು ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಅಕ್ಷರ ಒಂಟಿಯಾಗಿ ಬಾಳುವುದೇ ಕಡಿಮೆ. ಕ ಬರೆದರೆ ಸಾಲದು, ತಲಕಟ್ಟು ತೆಗೆದ ಕ ಬೇಕು, ಗುಡಿಸು ಹತ್ತಿದ ಕಿ ಬೇಕು, ಏತ್ವದ ಕೆ ಬೇಕು, ಕೆಳಗೆ ಕೂರುವ ಒತ್ತು ಬೇಕು. ಪ, ವ ಅಕ್ಷರಗಳಿಗೆ ಕೊಂಬು ಬೇರೆ ಥರ ಅಂಟುತ್ತದೆ, ಅದಕ್ಕೆ ಬೇರೆ ರೂಪ. ಕ್ಷ, ಜ್ಞ ತಮ್ಮದೇ ಅಚ್ಚಿನಲ್ಲಿ ಬರಬೇಕು. ಓತ್ವದ ದೀರ್ಘವಾದರೆ ತುಂಡು ತುಂಡಾಗಿ ಬಂದು ಜೋಡಿಯಾಗುತ್ತದೆ.

ನಿಯಮಗಳನ್ನು ಬರೆಯುವ ದಿನ ಎಂಜಿನಿಯರ್ ಕಣ್ಣು ಉಜ್ಜಿಕೊಂಡರು. ಸ್ಟುಡಿಯೋದಲ್ಲಿ ಆಡುವುದೆಲ್ಲ ತಮಿಳು. ನನ್ನ ನೆನಪಿನಲ್ಲಿ ಮಾತ್ರ ಅದು ನಮ್ಮ ಮನೆಯ ಅರ್ಧ ತಮಿಳಿನ ಕನ್ನಡವಾಗಿ ಉಳಿದಿದೆ.

"ಎನ್ನಮ್ಮಾ ಇದು, 'ಸೂರ್ಯ'ದಲ್ಲಿ ರ ಮೊದಲು ಟೈಪ್ ಮಾಡ್ತೀರ, ಅದು ಹೋಗಿ ಯ ಆದ್ಮೇಲೆ ಕೂತ್ಕೊಳ್ಳುತ್ತೆ. ಕ್ಯೂನಲ್ಲಿ ಮೊದ್ಲು ನಿಂತವನು ಹಿಂದೆ ಹೋದ್ರೆ ನಮ್ಮ ಊರಲ್ಲಿ ಜಗಳಾನೇ!"

"ಅದು ಅರ್ಕಾವೊತ್ತು ಸಾರ್. ಅದರ ಜಾಗ ಅಲ್ಲೇ."

"ಸರಿ, ಸರಿ. ನೀವು ಹೇಳಿದ್ರೆ ಸರಿ."

ಈ 'ನೀವು ಹೇಳಿದ್ರೆ ಸರಿ' ಕೇಳಿ ಕೇಳಿ ನನಗೆ ಒಳಗೇ ಭಯ. ನಾನು ತಪ್ಪಿದರೆ ಹಿಡಿಯುವವರು ಆ ಕೋಣೆಯಲ್ಲಿ ಯಾರೂ ಇಲ್ಲ.

ಪಟ್ಟಿಯ ಕೊನೆಗೆ ನಾನು ೞ ಬರೆದಿದ್ದೆ. ಹಳಗನ್ನಡದ ಅಕ್ಷರ. ಕನ್ನಡ ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆದರೆ ಅದಕ್ಕೆ ಹತ್ತಿರದ ದನಿ ತಮಿಳರ ನಾಲಿಗೆಯಲ್ಲಿ ಇನ್ನೂ ಇದೆ. ಚಿಕ್ಕಂದಿನಲ್ಲಿ ಅಪ್ಪ ನಮ್ಮಿಬ್ಬರಿಗೂ ಆ ಅಕ್ಷರ ಹೇಳಿಕೊಟ್ಟಿದ್ದರು. ಅಂದಿನಿಂದ ಅಕ್ಕ, ನಾನು ತರಕಾರಿಗೆ ಚೀಟಿ ಬರೆಯುವಾಗ ಬಾಳೆಹೂವನ್ನು ತಮಿಳಿನ ಹಾಗೆ 'ವಾೞೈಪ್ಪೂ' ಎಂದೇ ಬರೆಯುತ್ತಿದ್ದೆವು. ನಮ್ಮ ಬಡಾವಣೆ ಎಲ್ಲರ ಕನ್ನಡದಲ್ಲಿ ಕೀಲ್ಪಾಕ್. ನಮ್ಮಿಬ್ಬರಿಗೆ ಕೀೞ್ಪಾಕ್ಕಂ. ತಮಾಷೆಗೆ ಶುರುವಾಗಿದ್ದು ಹಾಗೇ ಉಳಿಯಿತು.

ಡಿಸೈನರ್ ಆ ಅಕ್ಷರದ ಮೇಲೆ ಬೆರಳಿಟ್ಟಳು. "ಅಕ್ಕಾ, ಇದು ಯಾರು, ಹೊಸ ಮುಖ?"

ನಾನು ಉಚ್ಚರಿಸಿದೆ. ಅವಳು ನಕ್ಕುಬಿಟ್ಟಳು. "ಅಯ್ಯೋ, ಇದು ನಮ್ದಲ್ವಾ! ನಾಲಿಗೆ ಇನ್ನೂ ಸ್ವಲ್ಪ ಹಿಂದಕ್ಕೆ ಮಡಿಸಕ್ಕಾ." ಆಮೇಲೆ ತಾನೇ ಹೇಳಿ ತೋರಿಸಿದಳು, ಎಷ್ಟು ಸಲೀಸಾಗಿ! ದನಿ ಅವಳ ಹತ್ತಿರ, ಆಕಾರ ನನ್ನ ಹತ್ತಿರ.

ಎಂಜಿನಿಯರ್ ಮಾತ್ರ ನಗಲಿಲ್ಲ. ಅಕ್ಷರ ಬಿಡಿಸಲು ಉಳಿದಿದ್ದ ವಾರಗಳು ಅವರ ತಲೆಯಲ್ಲಿದ್ದವು. "ಇದನ್ನ ಟೈಪ್ ಮಾಡೋರು ಯಾರಮ್ಮಾ? ಒಬ್ಬರನ್ನ ತೋರಿಸಿ."

ನಾನು ಪ್ರಕಾಶಕರ ಸಂಪಾದಕಿಗೆ ಫೋನ್ ಮಾಡಿದೆ. ಅವರಾದರೂ ಬೇಕು ಅಂದರೆ ನನ್ನ ಮಾತು ಗಟ್ಟಿಯಾಗುತ್ತಿತ್ತು.

"ೞ ನಾ? ಅಯ್ಯೋ ಮೇಡಂ, ನಮ್ಮ ಮಕ್ಕಳು ಅದನ್ನ ನೋಡಿದ್ರೆ ಪುಸ್ತಕ ಮುಚ್ಚಿಟ್ಟು ಓಡಿ ಹೋಗ್ತಾವೆ," ಎಂದು ಅವರು ನಕ್ಕರು. "ನಮಗೆ ಅದು ಬೇಡ. ಆದ್ರೆ ಎರಡು ಒತ್ತು ಬರೋ ಪದ ಚೆನ್ನಾಗಿರ್ಲಿ ಮೇಡಂ. ಹಳೇ ಫಾಂಟಲ್ಲಿ 'ರಾಷ್ಟ್ರ' ಬಂದ್ರೆ ಕೆಳಗಿನ ಸಾಲಿನ ತಲೆ ಮೇಲೇ ಕೂತ್ಕೊಂಡ್ಬಿಡುತ್ತೆ."

ಕನ್ನಡದಲ್ಲಿ ಮಾತಾಡಿದ ಖುಷಿಗೆ ಇನ್ನೊಂದು ನಿಮಿಷ ಏನೇನೋ ಕೇಳಿದೆ, ಅಲ್ಲಿ ಮಳೆಯಾ, ಊಟ ಆಯ್ತಾ ಅಂತ. ಅವರಿಗೆ ಮೀಟಿಂಗ್ ಇತ್ತು.

ಮಾರನೆಯ ದಿನ ಪಟ್ಟಿಗೆ ಬೀಗ ಹಾಕಬೇಕು. ಆಮೇಲೆ ಸೇರಿಸುವ ಹಾಗಿಲ್ಲ. ಎರಡನೆಯ ಒತ್ತಿಗೆ ಪುಟ್ಟ ರೂಪಗಳು ನನ್ನ ಪಟ್ಟಿಯಲ್ಲಿ ಇದ್ದವು: ಮೊದಲ ಒತ್ತಿನ ಕೆಳಗೆ ಇಳಿಯದೆ ಅದರ ಬಲಕ್ಕೆ ಒತ್ತಿ ಕೂರುವ ಚಿಕ್ಕ ರ, ಚಿಕ್ಕ ಯ, ಚಿಕ್ಕ ವ. ಡಿಸೈನರ್ ಲೆಕ್ಕ ಹಾಕಿ, ಆ ಪುಟ್ಟ ಒತ್ತುಗಳು ಇಲ್ಲವೇ ೞ ಮತ್ತು ಅದರ ರೂಪಗಳ ಬಳಗ, ಎರಡರಲ್ಲಿ ಒಂದಕ್ಕಷ್ಟೇ ಸಮಯವಿದೆ ಎಂದಳು. ತೆಳು, ದಪ್ಪ ಎಲ್ಲ ತೂಕದಲ್ಲೂ ಬಿಡಿಸಬೇಕಲ್ಲ.

ನನ್ನ ಮುಖ ನೋಡಿ ಎಂಜಿನಿಯರ್ ತಾವೇ ಇಳಿದು ಬಂದರು. "ಸರಿ ವಿಡಮ್ಮಾ, ಬರೀ ೞ ಒಂದನ್ನ ಇಟ್ಕೊಳ್ಳೋಣ. ಗುಡಿಸು, ಏತ್ವ, ಒತ್ತು ಯಾವುದೂ ಬೇಡ. ಇದೆ ಅಂತಾದ್ರೂ ಆಗುತ್ತೆ."

ಒಂದು ಕ್ಷಣ ಆಸೆಯಾಯಿತು. ಆದರೆ ಹಾಗೆ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಫಾಂಟಿನಲ್ಲಿ ಅಕ್ಷರ ಇದೆ ಎಂದು ಫೋನು ನಂಬುತ್ತದೆ. ಯಾರಾದರೂ ೞಿ ಬರೆದರೆ ಗುಡಿಸು ಅಂಟದೆ ಪಕ್ಕದಲ್ಲಿ ತೇಲುತ್ತದೆ. ಅಕ್ಷರವೇ ಇಲ್ಲದಿದ್ದರೆ ಫೋನು ಅದು ಕೂಡಿಕೊಂಡಿರುವ ಅಕ್ಷರಗಳ ಗುಂಪನ್ನಷ್ಟೇ ಬೇರೆ ಫಾಂಟಿನಿಂದ ಎರವಲು ತರುತ್ತದೆ. ಹೊಂದುವುದಿಲ್ಲ, ಆದರೆ ಓದಬಹುದು.

"ಬೇಡ ಸಾರ್," ಎಂದೆ. "ಇಟ್ಟರೆ ಬಳಗದ ಸಮೇತ ಇಡಬೇಕು. ಇಲ್ಲಾಂದ್ರೆ ಬೇಡ. ಅವಳು ಪುಟ್ಟ ಒತ್ತುಗಳನ್ನ ಬಿಡಿಸ್ಲಿ, 'ಸ್ವಾತಂತ್ರ್ಯ' ಮಕ್ಕಳು ದಿನಾ ಓದ್ತಾರೆ."

"ನಿಜವಾಗ್ಲೂ?"

"ಟೈಪ್ ಮಾಡೋರು ಒಬ್ಬರನ್ನ ತೋರಿಸಿ ಅಂದ್ರಲ್ಲ, ಅದು ನಾನೇ ಸಾರ್. ಇನ್ನೊಬ್ಬರು ಇದ್ದರು."

ಪಟ್ಟಿಯಿಂದ ೞ ಸಾಲನ್ನು ನಾನೇ ಅಳಿಸಿದೆ. ಡಿಸೈನರ್ ಎದ್ದು ಹೋಗಿ ನನಗೊಂದು ಲೋಟ ಕಾಫಿ ತಂದಿಟ್ಟಳು. ಸಕ್ಕರೆ ಜಾಸ್ತಿಯಾಗಿತ್ತು, ಕುಡಿದೆ.

ಕೆಲವು ತಿಂಗಳ ಮೇಲೆ ಪ್ರಯೋಗಕ್ಕೆಂದು ಫಾಂಟ್ ನನ್ನ ಫೋನಿಗೆ ಬಂತು. ಮೊದಲು 'ರಾಷ್ಟ್ರ' ನೋಡಿದೆ, 'ಸ್ವಾತಂತ್ರ್ಯ' ನೋಡಿದೆ. ಒತ್ತುಗಳು ಅಕ್ಕಪಕ್ಕ ಅಚ್ಚುಕಟ್ಟಾಗಿ ಕೂತಿದ್ದವು. ಕೆಳಗಿನ ಸಾಲಿಗೆ ಒಂದಿಷ್ಟೂ ತಾಗುತ್ತಿರಲಿಲ್ಲ. ಕಾಸಿಮೇಡಿನ ಆ ಕೈ ಕನ್ನಡ ಓದಲಾರದು ಎಂದರೆ ಯಾರೂ ನಂಬರು. ಆಮೇಲೆ ಕೀೞ್ಪಾಕ್ಕಂ ಎಂದು ಟೈಪ್ ಮಾಡಿದೆ. ಕೀ ನಮ್ಮದು, ಕ್ಕಂ ನಮ್ಮದು. ನಡುವಿನ ೞ್ಪಾ ಮಾತ್ರ ಬೇರೆಲ್ಲಿಂದಲೋ ಬಂದದ್ದು, ತುಸು ಕಪ್ಪಗೆ, ತುಸು ಎತ್ತರಕ್ಕೆ ಇತ್ತು.

ಡಿಸೈನರ್ ನನ್ನ ಭುಜದ ಮೇಲಿಂದ ಬಗ್ಗಿದಳು. "ಎನ್ನ ಅಕ್ಕಾ ಅದು?"

"ನಮ್ಮ ಏರಿಯಾ ಹೆಸರು."

"ಓದು."

ಓದಿದೆ. ನಾಲಿಗೆ ಹಿಂದಕ್ಕೆ ಮಡಿಸಿ, ಅವಳು ಹೇಳಿಕೊಟ್ಟ ಹಾಗೆ.

"ಆಂ, ಈಗ ಕರೆಕ್ಟ್," ಎಂದು ಅವಳು ತನ್ನ ಕುರ್ಚಿಗೆ ಮರಳಿದಳು.

ಆ ಸಂಜೆ ಬರುತ್ತಾ ಬಾಳೆಹೂ ತಂದೆ. ಚೀಟಿ ಬರೆದಿರಲಿಲ್ಲ. ಅಕ್ಕ ಇದ್ದಾಗ ಒಬ್ಬರು ಸಿಪ್ಪೆ ಬಿಚ್ಚಿ ಕೊಡುವುದು, ಇನ್ನೊಬ್ಬರು ಒಂದೊಂದೇ ಹೂವಿನಿಂದ ಆ ಗಟ್ಟಿ ಕಡ್ಡಿಯನ್ನು ಎಳೆದು ತೆಗೆಯುವುದು. ಮಾತಿನ ನಡುವೆ ಯಾವಾಗ ಮುಗಿಯುತ್ತಿತ್ತೋ ತಿಳಿಯುತ್ತಿರಲಿಲ್ಲ. ಬೆರಳಿಗೆ ಎಣ್ಣೆ ಸವರಿಕೊಂಡು ಒಬ್ಬಳೇ ಕೂತೆ. ಅರ್ಧ ಬಿಡಿಸುವಷ್ಟರಲ್ಲಿ ಸಾಕಾಯಿತು. ಉಳಿದ ಅರ್ಧವನ್ನು ಹಾಗೇ ಫ್ರಿಜ್ಜಿಗಿಟ್ಟೆ.