ಮದುಮಗಳ ಹಿಂದಿದ್ದ ಪ್ಲಾಸ್ಟಿಕ್ ಹಾಳೆ

ಬಾಗಲೂರಿನ ನಮ್ಮ ಗುಲಾಬಿ ಪಾಲಿಹೌಸಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿರುಗಾಳಿ ಚಿಂದಿ ಮಾಡಿತು. ವಿಮೆ ಕಂಪನಿಯವರು ‘ಹಾಳೆ ಮೊದಲೇ ಹರಿದಿತ್ತು’ ಎಂದು ಷರಾ ಬರೆದು ಕ್ಲೇಮನ್ನು ಮುಚ್ಚಿದರು. ಗಾಳಿಯೇ ಬಂದು ಸಾಕ್ಷಿ ಹೇಳಬೇಕಿತ್ತೇನೋ.

ಆಮೇಲೆ ಒಂದು ದಿನ ನಾದಿನಿಯ ಮಗಳ ಮದುವೆ ವಿಡಿಯೊ ಬಂತು. ಮದುವೆಗೆ ಮುಂಚಿನ ಶೂಟಿಂಗನ್ನು ನಮ್ಮ ಪಾಲಿಹೌಸಿನಲ್ಲೇ, ಗಾಳಿ ಬೀಸಿದ ದಿನ ಬೆಳಿಗ್ಗೆಯೇ ಮಾಡಿದ್ದರು. ನಮಗದು ಮರೆತೇಹೋಗಿತ್ತು. ಎಲ್ಲರೂ ಮದುಮಗಳನ್ನು ನೋಡುತ್ತಿದ್ದರೆ ನನ್ನ ಹೆಂಡತಿ ಕೂಗಿದಳು: “ರೀ, ಮೇಲ್ಗಡೆ ನೋಡ್ರೀ, ಹಾಳೆ ಎಲ್ಲೂ ಹರ್ದೇ ಇಲ್ಲ!”

ಸ್ಟುಡಿಯೊದಿಂದ ತಾರೀಕಿನ ಸಮೇತ ಮೂಲ ವಿಡಿಯೊ ತರಿಸಿ ಲಗತ್ತಿಸಿ, ಹೊಸ ಸಾಕ್ಷ್ಯ ಸಿಕ್ಕಿದೆ, ಕ್ಲೇಮನ್ನು ಮತ್ತೆ ತೆರೆದು ಪರಿಶೀಲಿಸಿ ಎಂದು ಪತ್ರ ಬರೆದೆ. ತೆರೆದರು. ಹೊಸೂರಿನ ಕಚೇರಿಯಲ್ಲಿ ಅಧಿಕಾರಿ ವಿಡಿಯೊವನ್ನು ಹಾಡಿನ ಸಮೇತ ಪೂರ್ತಿ ನೋಡಿದರು.

“ಹಾಳೆ ಚೆನ್ನಾಗೇ ಇತ್ತು ಸಾರ್, ಒಪ್ಕೊಂಡೆ. ಆದ್ರೆ ಪಾಲಿಸಿ ಕೊಟ್ಟಿರೋದು ಗುಲಾಬಿ ಬೆಳೆಯೋಕೆ. ಶೂಟಿಂಗಿಗೂ ಕೊಡ್ತೀವಿ ಅಂತ ನಮಗೆ ತಿಳಿಸಿದ್ರಾ?”

“ನಮ್ಮನೆ ಮಗು ಸಾರ್. ಸುಮ್ನೆ ನಿಂತ್ಕೊಂಡು ಹೋದ್ಳು.”

“ಅದಕ್ಕೇನು ಸಾಕ್ಷಿ?”

ಹಳೆಯ ಷರಾ ಹೊಡೆದುಹಾಕಿ ಹೊಸದನ್ನು ಬರೆದು ಕ್ಲೇಮನ್ನು ಮತ್ತೆ ಮುಚ್ಚಿದರು. ಕಡತವನ್ನು ಮತ್ತೆ ತೆರೆದದ್ದು ಏಕೆಂದು ಆಗ ಅರ್ಥವಾಯಿತು: ಮೊದಲ ಸಲ ಸರಿಯಾಗಿ ಮುಚ್ಚಿರಲಿಲ್ಲ.