ಹತ್ತು ಸ್ಕ್ರೂಗಳ ಸಾಕ್ಷಿ

ನಮ್ಮ ದೊಡ್ಡಮ್ಮನಿಗೆ ತೂಗುವುದೆಂದರೆ ಪ್ರಾಣ. ಬಾಗಿಲ ಕೀಲು ತಯಾರಿಸುವ ಕಾರ್ಖಾನೆಯ ಸ್ಟೋರಿಗೆ ಹತ್ತೊಂಬತ್ತು ವರ್ಷದಿಂದ ಅವಳೇ ಯಜಮಾನಿ. ಅದೇ ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗಿನವಳು; ಒಂದೊಂದು ಕೀಲಿನ ಜೊತೆ ಆರು ಸ್ಕ್ರೂ ಹಾಕಿ ಚೀಲ ಮುಚ್ಚುವುದು ನನ್ನ ಕೆಲಸ. ಆ ಸ್ಕ್ರೂಗಳು ಹತ್ತು ಸಾವಿರ, ಇಪ್ಪತ್ತು ಸಾವಿರದ ಲೆಕ್ಕದಲ್ಲಿ ಬರುತ್ತವೆ. ಒಂದೊಂದಾಗಿ ಎಣಿಸುತ್ತ ಕೂತರೆ ಎಣಿಸುವವರಿಗೇ ತುಕ್ಕು ಹಿಡಿದೀತು.

ಅದಕ್ಕೆ ದೊಡ್ಡಮ್ಮ ಐನೂರನ್ನು ಮಾತ್ರ ಕೈಯಿಂದ ಎಣಿಸಿ ತೂಗುತ್ತಾಳೆ. ಬಂದ ತೂಕವನ್ನು ಐನೂರರಿಂದ ಭಾಗಿಸಿದರೆ ಒಂದು ಸ್ಕ್ರೂವಿನ ತೂಕ. ಆಮೇಲೆ ಇಡೀ ರಾಶಿಯನ್ನು ತೂಗಿ, ಡಬ್ಬದ ತೂಕ ಕಳೆದು, ಉಳಿದದ್ದನ್ನು ಆ ಒಂದರ ತೂಕದಿಂದ ಭಾಗಿಸಿದರೆ ಎಷ್ಟು ಸ್ಕ್ರೂ ಎಂದು ಗೊತ್ತಾಯಿತು. ಹೊಸ ಸರಕು ಬಂದಾಗಲೆಲ್ಲ ಮತ್ತೆ ಐನೂರು ಎಣಿಸುತ್ತಾಳೆ. ಯಾಕೆಂದು ಕೇಳಿದರೆ, "ಹೋದ ಸಲದ್ದು ಹೋದ ಸಲಕ್ಕೆ ಆಯ್ತು ಕಣೆ, ಈ ಸಲ ಸ್ಕ್ರೂ ಮೇಲಿನ ಲೇಪ ಸ್ವಲ್ಪ ದಪ್ಪ ಇದ್ದರೆ?" ಎನ್ನುತ್ತಾಳೆ.

ಈ ಚಾಳಿ ಮನೆಗೂ ಬಂದಿದೆ. ಒಮ್ಮೆ ದೊಡ್ಡಪ್ಪನ ಮಾತ್ರೆ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಗಿಟ್ಟು, ಅವರು ಮೂರು ದಿನದಿಂದ ಮಾತ್ರೆ ನುಂಗಿಲ್ಲವೆಂದು ಹಿಡಿದುಹಾಕಿದಳು. ದೊಡ್ಡಪ್ಪ ಸಿಟ್ಟಾಗಿ, "ಮದುವೆಗೆ ಮುಂಚೆ ನನ್ನನ್ನೂ ತೂಗಿ ನೋಡಬೇಕಿತ್ತು ನೀನು" ಎಂದರು. "ತೂಗಿದ್ದೆ. ಡಬ್ಬದ ತೂಕ ಕಳೆಯೋದು ಮರೆತುಬಿಟ್ಟೆ" ಎಂದಳು.

ಇಂಥವಳ ರಾಜ್ಯಕ್ಕೆ ಹೊಸ ಮ್ಯಾನೇಜರು ಬಂದರು. ಬಂದ ವಾರದಲ್ಲೇ ಎಣಿಸುವ ಯಂತ್ರವೊಂದನ್ನು ತರಿಸಿದರು. ಗೊತ್ತಿರುವಷ್ಟು ಸ್ಕ್ರೂ ಇಟ್ಟು, ಅವು ಎಷ್ಟೆಂದು ಹೇಳಿ ಗುಂಡಿ ಒತ್ತಿದರೆ, ಮಿಕ್ಕ ಭಾಗಾಕಾರವನ್ನೆಲ್ಲ ಅದೇ ಮಾಡಿ ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ದೊಡ್ಡಮ್ಮನ ಹಳೆಯ ತಕ್ಕಡಿ ಗುಜರಿಗೆ ಹೋಯಿತು.

ಯಂತ್ರ ಬಂದ ಮೂರನೆಯ ದಿನ ಸಂಜೆ ಮ್ಯಾನೇಜರು ಸ್ಟೋರಿಗೆ ನುಗ್ಗಿ, ಅವಳ ಪುಸ್ತಕದಲ್ಲಿ ಹತ್ತು ಸಾವಿರದ ಐದು ಎಂದಿದ್ದ ಸ್ಕ್ರೂ ಡಬ್ಬವನ್ನು ತೆಗೆಸಿದರು. ಹತ್ತು ಸ್ಕ್ರೂ ಇಟ್ಟು ಗುಂಡಿ ಒತ್ತಿ, ಆಮೇಲೆ ರಾಶಿ ಇಟ್ಟರು. ಯಂತ್ರ ಒಂಬತ್ತು ಸಾವಿರದ ಐನೂರ ಐದು ಎಂದಿತು.

"ಐನೂರು ಸ್ಕ್ರೂ ಎಲ್ಲಮ್ಮಾ?" ಎಂದರು.

ದೊಡ್ಡಮ್ಮ ತನ್ನ ಪುಸ್ತಕವನ್ನು ಮತ್ತೆ ಮತ್ತೆ ತಿರುವಿ ನೋಡಿದಳು. ಪಾಳಿ ಮುಗಿದು ನಲವತ್ತು ಜನ ಗೇಟಿನಲ್ಲಿ ಸಾಲಾಗಿ ನಿಂತಿದ್ದಾಗ, ಮ್ಯಾನೇಜರ ಮಾತಿನಂತೆ ವಾಚ್‌ಮನ್ ಅವಳ ಕೈಚೀಲವನ್ನು ಮೇಜಿನ ಮೇಲೆ ಬುಡಮೇಲು ಮಾಡಿದ. ಬಾಚಣಿಗೆ, ಕನ್ನಡಕದ ಪೆಟ್ಟಿಗೆ, ಖಾಲಿ ಊಟದ ಡಬ್ಬಿ ಬಿದ್ದವು. ಸ್ಕ್ರೂ ಒಂದೂ ಇರಲಿಲ್ಲ. "ಹೊರಗೆ ದಾಟಿಸಿಯಾಗಿರಬೇಕು" ಎಂದು ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಮ್ಯಾನೇಜರನ್ನೇ ಡಬ್ಬದಲ್ಲಿ ಕೂರಿಸಿ ಮುಚ್ಚಳ ಹಾಕಬೇಕೆನ್ನಿಸಿತು.

ಬಸ್ಸಿನಲ್ಲಿ ದೊಡ್ಡಮ್ಮ ಹೇಳಿದ್ದು ಒಂದೇ ಮಾತು. "ನಾನೇ ಭಾಗಾಕಾರದಲ್ಲಿ ತಪ್ಪಿರಬಹುದೇನೆ?" ಹತ್ತೊಂಬತ್ತು ವರ್ಷದಲ್ಲಿ ಅವಳು ತನ್ನನ್ನು ತಾನು ಅನುಮಾನಿಸಿದ್ದು ಅದೇ ಮೊದಲು. ಕಳ್ಳಿ ಎಂದದ್ದಕ್ಕಿಂತ ಇದು ನನ್ನನ್ನು ಹೆಚ್ಚು ನೋಯಿಸಿತು.

ಮರುದಿನ ಬೆಳಿಗ್ಗೆ ಅವಳು ನನ್ನನ್ನೂ ಕರೆದುಕೊಂಡು ಬೇಗನೆ ಹೋಗಿ ಯಂತ್ರದ ಮುಂದೆ ಕೂತಳು. ಒಂದು ಸ್ಕ್ರೂ ಇಟ್ಟಳು. ಒಂದು ಗ್ರಾಂ ಎಂದಿತು. ಎರಡಿಟ್ಟಳು; ಎರಡು ಗ್ರಾಂ. ಮೂರನೆಯದನ್ನು ಇಟ್ಟಳು, ಆಗಲೂ ಎರಡೇ! ದೊಡ್ಡಮ್ಮನ ಮುಖ ಅರಳಿತು. "ಇದಕ್ಕೆ ಗ್ರಾಮಿನ ಕೆಳಗಿನದ್ದು ಕಾಣಿಸೋದೇ ಇಲ್ಲ ಕಣೆ! ಹೋಗು, ಸಾಹೇಬ್ರನ್ನ ಕರ್ಕೊಂಡು ಬಾ."

ಮ್ಯಾನೇಜರು ಬಂದರು. ಜೊತೆಗೆ ತಮಾಷೆ ನೋಡಲು ಗುಮಾಸ್ತರೊಬ್ಬರೂ ಬಂದರು.

"ಯಂತ್ರ ಸುಳ್ಳು ಹೇಳುತ್ತೇನಮ್ಮಾ?"

"ಇಲ್ಲ ಸಾರ್. ನಾವು ಹೇಳಿಕೊಟ್ಟದ್ದನ್ನೇ ಒಪ್ಪಿಸುತ್ತೆ, ಪಾಪ. ನಿನ್ನೆ ನೀವು ಹತ್ತು ಇಟ್ರಿ. ಇವತ್ತು ಇಪ್ಪತ್ತು ಇಡಿ."

ಅವರು ಇಪ್ಪತ್ತನ್ನು ಇಟ್ಟು ಗುಂಡಿ ಒತ್ತಿದರು. ಅದೇ ಡಬ್ಬ, ಅದೇ ರಾಶಿ. ಯಂತ್ರ ಹತ್ತು ಸಾವಿರದ ನೂರ ಮೂವತ್ತೊಂಬತ್ತು ಎಂದಿತು.

"ನೋಡಿ ಸಾರ್," ಎಂದಳು ದೊಡ್ಡಮ್ಮ, "ನಿನ್ನೆ ಕದ್ದೆ, ರಾತ್ರೋರಾತ್ರಿ ವಾಪಸ್ ತಂದಿಟ್ಟೆ. ಅದೂ ಸಾಲದು ಅಂತ ಕೈಯಿಂದ ಇನ್ನೂ ನೂರ ಮೂವತ್ತನಾಲ್ಕು ದಾನ ಬೇರೆ ಮಾಡಿದೀನಿ."

ಗುಮಾಸ್ತರು ಕೆಮ್ಮುವ ನೆಪದಲ್ಲಿ ಗೋಡೆಯ ಕಡೆ ತಿರುಗಿದರು.

"ಈಗ ಐನೂರು ಎಣಿಸಿ ಸಾರ್. ನಾನು ಮುಟ್ಟಲ್ಲ. ಮುಟ್ಟಿದ್ರೆ ಮತ್ತೆ ನನ್ನ ಚೀಲ ನೋಡ್ತೀರಿ."

ಮ್ಯಾನೇಜರು ಅಂಗಿಯ ತೋಳು ಮಡಚಿ ಎಣಿಸತೊಡಗಿದರು. ಮುನ್ನೂರ ಎಪ್ಪತ್ತರ ಹೊತ್ತಿಗೆ ಫೋನು ಬಂದು ಲೆಕ್ಕ ತಪ್ಪಿತು. ಎರಡನೆಯ ಸಲ ನಾನೂರ ಹತ್ತರಲ್ಲಿ ಸೀನು ಬಂತು. ದೊಡ್ಡಮ್ಮನಿಗೇ ಕನಿಕರವಾಗಿ, "ಹತ್ತು ಹತ್ತರ ಗುಡ್ಡೆ ಮಾಡಿ ಸಾರ್, ಆಗ ಸೀನಿದರೂ ಹತ್ತೇ ಹೋಗೋದು" ಎಂದಳು. ಹಾಗೆ ಮಾಡಿದಾಗ ಐವತ್ತು ಗುಡ್ಡೆಗಳಾದವು. ಎಲ್ಲ ಸೇರಿಸಿ ತೂಗಿದರೆ ಮುನ್ನೂರ ಎಂಬತ್ತು ಗ್ರಾಂ. ಐನೂರೆಂದು ಗುಂಡಿ ಒತ್ತಿ ಯಂತ್ರದ ಮೇಲೆ ಇಡೀ ರಾಶಿ ಇಟ್ಟಾಗ ಬಂದದ್ದು ಹತ್ತು ಸಾವಿರದ ಐದು.

"ಒಂದಕ್ಕೆ ಮುಕ್ಕಾಲು ಗ್ರಾಮಿಗಿಂತ ಒಂಚೂರು ಹೆಚ್ಚು ಸಾರ್," ಎಂದಳು. "ಹತ್ತಕ್ಕೆ ಏಳೂವರೆ ಚಿಲ್ಲರೆ. ಇದು ಅದನ್ನ ಎಂಟು ಮಾಡ್ಕೊಂಡ್ತು. ಹತ್ತರಲ್ಲಿ ಅರ್ಧ ಗ್ರಾಮೂ ಇಲ್ಲದ ತಪ್ಪು, ಹತ್ತು ಸಾವಿರಕ್ಕೆ ಹೋಗೋಷ್ಟರಲ್ಲಿ ಐನೂರು ಸ್ಕ್ರೂ ನುಂಗಿಬಿಡ್ತು. ಐನೂರು ಇಟ್ರೂ ತಪ್ಪೋದು ಅರ್ಧ ಗ್ರಾಮಿನ ಒಳಗೇ. ಆದರೆ ಅದನ್ನ ಐನೂರು ಸ್ಕ್ರೂ ಹಂಚ್ಕೊಳ್ತವಲ್ಲ, ಲೆಕ್ಕ ಕೆಡಲ್ಲ."

ಮ್ಯಾನೇಜರು ಹಣೆ ಒರೆಸಿಕೊಂಡರು. ನನ್ನನ್ನು ನೋಡಿದರು, ಗುಮಾಸ್ತರನ್ನು ನೋಡಿದರು. "ಸರಿಯಮ್ಮಾ. ತಪ್ಪು ನನ್ನದೇ. ನಿಮ್ಮ ಲೆಕ್ಕ ಸರಿಯಾಗಿದೆ" ಎಂದು ಬಾಗಿಲ ಕಡೆ ಹೊರಟರು.

"ನಿಂತ್ಕೊಳಿ ಸಾರ್," ಎಂದಳು ದೊಡ್ಡಮ್ಮ. "ನಿನ್ನೆ ನನ್ನ ಚೀಲ ಸುರಿದಾಗ ನಲವತ್ತು ಜನ ನೋಡಿದ್ರು. ಈಗ ಇಲ್ಲಿ ಕೇಳಿಸಿಕೊಂಡೋರು ನನ್ನೂ ಸೇರಿಸಿ ಮೂರು ಜನ. ಸ್ಯಾಂಪಲ್ಲು ಚಿಕ್ಕದಾಯ್ತು."



ಆ ಸಂಜೆ ಗೇಟಿನ ಬಳಿ ಮ್ಯಾನೇಜರು ಖಾಲಿ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು, ಸ್ಟೋರಿನಿಂದ ಒಂದು ಸ್ಕ್ರೂ ಕೂಡ ಹೋಗಿಲ್ಲ, ಎಣಿಸಲು ಬಾರದವನು ತಾನೇ ಎಂದು ಗಟ್ಟಿಯಾಗಿ ಹೇಳಿದರು. ವಾಚ್‌ಮನ್ ನೆಲ ನೋಡುತ್ತಿದ್ದ. ದೊಡ್ಡಮ್ಮ ತಲೆಗಳನ್ನು ಎಣಿಸುತ್ತಿದ್ದಳು. ನಡುವೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದರಿಂದ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು.

"ಮೂವತ್ತೊಂಬತ್ತು," ಎಂದಳು. ವೆಲ್ಡಿಂಗಿನವನು ಅವತ್ತು ರಜೆಯಲ್ಲಿದ್ದ.

ಮರುದಿನ ಬೆಳಿಗ್ಗೆ ನಾನು ಕಣ್ಣಾರೆ ನೋಡಿದೆ. ಯಾರೂ ಹೇಳದಿದ್ದರೂ ಮ್ಯಾನೇಜರು ವೆಲ್ಡಿಂಗಿನವನ ಬಳಿಗೆ ತಾವಾಗಿಯೇ ಹೋಗಿ, ಅವನು ಮುಖದ ಕವಚ ಎತ್ತುವವರೆಗೆ ಕಾದು ನಿಂತು, ಅವನೊಬ್ಬನಿಗೂ ಅದೇ ಮಾತನ್ನು ಹೇಳಿದರು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.