ಎರಡನೇ ತೋಳು

ಅಕ್ಕ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ ದಿನ, ಮದುಮಗಳೊಬ್ಬಳ ರವಿಕೆಗೆ ಅವಳು ಹಾಕುತ್ತಿದ್ದ ಕಸೂತಿ ಅರ್ಧ ಮುಗಿದಿತ್ತು. ಎಡದೋಳು ಸಿದ್ಧವಾಗಿತ್ತು. ಬಲದೋಳಿನ ಬಟ್ಟೆಯ ಮೇಲೆ ಇದ್ದದ್ದು ಬರೀ ಪೆನ್ಸಿಲ್ ಗೆರೆ. ತೊಂಬತ್ತರ ದಶಕದ ಕೊನೆಯ ಮಾತಿದು. ಚಿತ್ರದುರ್ಗದಲ್ಲಿ ಅವಳು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಳು. ಪ್ಲಾಸ್ಟರ್ ಬಿಚ್ಚುವುದಕ್ಕೆ ಆರು ವಾರ ಬೇಕು, ಮದುವೆ ಇದ್ದದ್ದು ನಾಲ್ಕು ವಾರಕ್ಕೆ.

"ಇನ್ನೊಂದು ತೋಳು ಯಾರಾದ್ರೂ ಮಾಡ್ಲಿ ಬಿಡು" ಅಂದೆ.

"ಹಾರ ಹಾಕುವಾಗ ಹುಡುಗಿ ಎರಡೂ ಕೈ ಒಟ್ಟಿಗೆ ಎತ್ತುತಾಳೆ. ಚತ್ರದ ಜನವೆಲ್ಲ ಎರಡೂ ತೋಳು ಪಕ್ಕ ಪಕ್ಕ ನೋಡುತ್ತೆ" ಅಂದಳು.

ಪತ್ರಿಕೆಯ ಕೆಲಸಕ್ಕೆ ನಾನು ತಾಲ್ಲೂಕುಗಳನ್ನು ಸುತ್ತುತ್ತಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ಕೈಕಸೂತಿ ಬಲ್ಲ ಟೈಲರ್ ಒಬ್ಬೊಬ್ಬರು ಅವಳಿಗೆ ಗೊತ್ತಿದ್ದರು. ಅದೇ ರೇಷ್ಮೆಯ ಮೂರು ತುಂಡು, ಅದೇ ಲಡಿಯ ದಾರ, ಮೂರರಲ್ಲೂ ಒಂದೇ ಮಾವಿನಕಾಯಿಯ ಗೆರೆ ಹಾಕಿಸಿ, ಯಾರ ಕೈ ತನ್ನ ಕೈಗೆ ಜೋಡಿಯಾಗುತ್ತದೋ ನೋಡೋಣವೆಂದು ನನ್ನ ಚೀಲಕ್ಕೆ ತುಂಬಿದಳು. ಕಾಯಿಯ ಸುತ್ತ ಚೈನ್ ಹೊಲಿಗೆ, ಒಳಗೆಲ್ಲ ದಾರ ತುಂಬಬೇಕು. ವಾರದೊಳಗೆ ಮೂರೂ ವಾಪಸ್ ಬಂದವು.

ಹೊಳಲ್ಕೆರೆಯದು ಗರಿಗರಿ ಇಸ್ತ್ರಿಯಾಗಿತ್ತು. ಇದೇ ಚೆನ್ನಾಗಿದೆ ಅಂದೆ.

"ಪೇಪರ್‌ನೋನು ಇಸ್ತ್ರಿಗೆ ಬಿದ್ದ ನೋಡು" ಅಂತ ನಕ್ಕಳು. ಮೂರಕ್ಕೂ ನೀರು ಚಿಮುಕಿಸಿ ನೆರಳಲ್ಲಿ ಹರವಿಸಿದಳು. ಒಣಗಿದ ಮೇಲೆ ಇಸ್ತ್ರಿಯ ಗುಟ್ಟು ಬಯಲಾಯಿತು. ಹೊಳಲ್ಕೆರೆಯ ಕಾಯಿಯ ಸುತ್ತ ಬಟ್ಟೆ ಸಣ್ಣಗೆ ಸುಕ್ಕಾಗಿ ಒಳಕ್ಕೆ ಸೇದಿಕೊಂಡಿತ್ತು. "ದಾರ ಎಳೆದು ಎಳೆದು ಹಾಕ್ಯಾನೆ. ಪಾಪ, ಬಟ್ಟೆಗೆ ಉಸಿರಿಲ್ಲ."

ಹಿರಿಯೂರಿನದು ಸಮತಟ್ಟಾಗಿ ಮಲಗಿತ್ತು. ಅವಳು ಎಡಗೈಯಲ್ಲಿ ಸೂಜಿ ಹಿಡಿದು ಅದರ ಮೊನೆಯಿಂದ ಚೈನಿನ ಒಂದೊಂದು ಕೊಂಡಿ ಮುಟ್ಟುತ್ತ ಹೋದಳು. ನೇರ ಗೆರೆಯಲ್ಲಿ ಎಲ್ಲವೂ ಒಂದೇ ಅಳತೆ. ಕಾಯಿಯ ತುದಿ ಬಾಗುವಲ್ಲಿ ಸೂಜಿ ನಿಂತಿತು. "ಇಲ್ಲಿ ಕೊಂಡಿ ಗಿಡ್ಡ ಆಗ್ಬೇಕು. ಇವರು ಉದ್ದಕ್ಕೇ ಹಾಕ್ಯಾರೆ, ತಿರುವು ಹೋಗಿ ಮೂಲೆ ಆಗೈತೆ." ತೋರಿಸುವವರೆಗೆ ನನಗೆ ಕಂಡಿರಲಿಲ್ಲ. ತೋರಿಸಿದ ಮೇಲೆ ಬೇರೆ ಏನೂ ಕಾಣಲಿಲ್ಲ.

ಹೊಸದುರ್ಗದ ತುಂಡನ್ನು ಅವಳು ಬಹಳ ಹೊತ್ತು ನೋಡಿದಳು. ಬೆರಳು ಆಡಿಸಿದಳು. ಮಗುಚಿ ಹಿಂಬದಿ ನೋಡಿದಳು. ಅಲ್ಲಿ ಜೋತುಬಿದ್ದ ಎಳೆಯಿಲ್ಲ, ಗಂಟಿನ ಗುಡ್ಡೆಯಿಲ್ಲ. ಮುಂಬದಿಯಲ್ಲಿ ತುಂಬಿದ ದಾರಗಳೆಲ್ಲ ಗೆರೆಗೆ ಸರಿಯಾಗಿ ಹೋಗಿ ನಿಂತಿದ್ದವು. ಒಂದೆಳೆ ದಾಟಿಲ್ಲ, ಒಂದೆಳೆ ಹಿಂದುಳಿದಿಲ್ಲ. ಸೂಜಿ ಕೆಳಗಿಟ್ಟು, ತಾನು ಮುಗಿಸಿದ್ದ ತೋಳನ್ನು ತರಿಸಿ ಪಕ್ಕದಲ್ಲಿ ಹಾಸಿದಳು.

ಇಪ್ಪತ್ತು ವರ್ಷ ಊರೇ ಹೊಗಳಿದ ಕೈ ಅದು. ಆ ತುಂಡಿನ ಪಕ್ಕದಲ್ಲಿ, ನನಗೂ ಕಾಣುವಂತೆ, ಅದರ ಅಂಚು ಅಲ್ಲಲ್ಲಿ ಕೂದಲೆಳೆಯಷ್ಟು ನಡುಗಿತ್ತು.

"ನನ್ನದಕ್ಕಿಂತ ಚೆನ್ನಾಗೈತೆ" ಅಂದಳು. ದನಿಯಲ್ಲಿ ನೋವಿರಲಿಲ್ಲ. ದೊಡ್ಡದೇನನ್ನೋ ಕಂಡವರ ಮೆತ್ತಗಿನ ದನಿ ಅದು.

"ಹಂಗಾದ್ರೆ ಹಿರಿಯೂರಿಗೇ ಕೊಡು. ತಿರುವೊಂದು ತಿದ್ದಿದ್ರೆ ನಿನ್ನ ತೋಳಿಗೆ ಜೋಡಿ ಆಗುತ್ತೆ. ಯಾರಿಗೂ ಗೊತ್ತಾಗಲ್ಲ."

"ಲೇ, ಇದನ್ನ ನೋಡಿದ ಮೇಲೂನಾ?"

ಹೊಸದುರ್ಗದ ಟೈಲರಿಗೆ ಹೇಳಿ ಕಳಿಸಿದೆವು. ಎರಡು ದಿನಕ್ಕೆ ಬಂದರು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

"ಬರ್ರಿ, ಕುಂತ್ಕಳ್ರಿ" ಅಂದ ಅಕ್ಕ, ತನ್ನ ತೋಳನ್ನೂ ಉಳಿದ ರೇಷ್ಮೆಯನ್ನೂ ಮುಂದಿಟ್ಟಳು. "ಬಟ್ಟೆ ಸಾಕಷ್ಟು ಮಿಕ್ಕೈತೆ. ಎರಡೂ ತೋಳು ನೀವೇ ಹಾಕ್ರಿ. ಇದು ಬ್ಯಾಡ."

ಅವರು ಅಕ್ಕನ ತೋಳನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ಮೊದಲು ನೋಡಿದ್ದು ಹಿಂಬದಿ. ಆಮೇಲೆ ಮುಂಬದಿ. ತುದಿಯ ತಿರುವಿನ ಮೇಲೆ ಅವರ ಹೆಬ್ಬೆರಳು ಎರಡು ಸಲ ಹೋಗಿಬಂತು. "ಛೇ, ಇಷ್ಟು ಚೆಂದ ಮಾಡಿದ್ದನ್ನ ಯಾಕ್ ಬಿಡ್ತೀರಿ ಅಕ್ಕಾರೆ" ಅನ್ನುತ್ತಾರೆಂದು ನಾನು ಕಾದೆ. ಆ ಜಾಗದಲ್ಲಿ ಯಾರಾದರೂ ಅನ್ನುವ ಮಾತು ಅದೇ.

ಅವರು ಅನ್ನಲಿಲ್ಲ. ತೋಳನ್ನು ಮಡಿಕೆ ಬೀಳದಂತೆ ಸುತ್ತಿ ಅಕ್ಕನ ಎಡಗೈಗೆ ಕೊಟ್ಟರು.

"ಹನ್ನೆರಡು ದಿನ ಬೇಕು" ಅಂದರು.

"ತಗಳ್ರಿ" ಅಂದಳು ಅಕ್ಕ. ಆ ಮನುಷ್ಯ ಸುಳ್ಳು ಹೇಳಲಿಲ್ಲವಲ್ಲ ಎಂದು, ಅವರು ಹೋದ ಮೇಲೂ ದಿನವಿಡೀ ಅವಳ ಮುಖ ಗೆಲುವಾಗಿತ್ತು.